ಡೌನ್‌ಲೋಡ್ ಅಂದ್ರೆ ಬಾಡಿಗೆ (ಭಾಗ 3)

ಫೋಟೋದಲ್ಲಿರೋದು ಅಮ್ಮನ ಫೋನ್. ಹಾಡುಗಳ ಹೆಸರೆಲ್ಲ ಬೂದು ಬಣ್ಣಕ್ಕೆ ತಿರುಗಿದೆ ನೋಡಿ. ಯಾವುದನ್ನ ಒತ್ತಿದ್ರೂ ಹಾಡಲ್ಲ.

ನಮ್ಮೂರು ಶರಾವತಿ ಹಿನ್ನೀರಿನ ಆಚೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಿದ್ರೆ ಎರಡು ಕಡ್ಡಿ. ಅಮ್ಮ ಬೆಂಗಳೂರಿಗೆ ಬಂದಿದ್ದಾಗ ವರ್ಷದ ಚಂದಾ ಪೂರ್ತಿ ಕಟ್ಟಿ, 400 ಹಾಡು ಇಳಿಸಿಕೊಟ್ಟೆ. ಅಡಿಕೆ ಸುಲಿಯೋವಾಗ ಕೇಳಲಿ ಅಂತ. ಒಂದು ತಿಂಗಳು ಹಾಡಿತು. ಆಮೇಲೆ ಒಂದು ಬೆಳಿಗ್ಗೆ ಎಲ್ಲಾ ಮಾಯ. "ನಾನೇ ಏನೋ ಒತ್ತಿಬಿಟ್ಟೆ ಕಣೋ" ಅಂತ ಅಮ್ಮ ತಪ್ಪು ತನ್ನದೇ ಅಂದ್ಕೊಂಡು ಕೂತಿದ್ಲು.

ಅಮ್ಮ ಏನೂ ಒತ್ತಿರಲಿಲ್ಲ. ನೀವು 'ಡೌನ್‌ಲೋಡ್' ಒತ್ತಿದಾಗ ಫೋನಿಗೆ ಬರೋದು ಬೀಗ ಹಾಕಿದ ಫೈಲು. ಅದರ ಬೀಗದಕೈಗೆ ಒಂದು ವಾಯಿದೆ ಇರುತ್ತೆ, ಸಾಮಾನ್ಯವಾಗಿ 30 ದಿನ. ಅಷ್ಟರೊಳಗೆ ಆ್ಯಪ್ ಒಮ್ಮೆಯಾದ್ರೂ ಕಂಪನಿಯ ಸರ್ವರ್ ಜೊತೆ ಮಾತಾಡಿ, ಚಂದಾ ಇನ್ನೂ ಇದೆಯಾ ಅಂತ ಖಾತ್ರಿ ಮಾಡ್ಕೋಬೇಕು. ಇಲ್ಲಾಂದ್ರೆ ಹಾಡು ಬಂದ್.

ನನಗೆ ಅರ್ಥವಾಗದೇ ಇದ್ದದ್ದು ಬೇರೆ. ಅಮ್ಮ ವಾರಕ್ಕೊಮ್ಮೆ ಗುಡ್ಡ ಹತ್ತಿ ನನಗೆ ವಿಡಿಯೋ ಕಾಲ್ ಮಾಡ್ತಿದ್ಲು. ಅಂದ್ರೆ ಫೋನ್ ಆನ್‌ಲೈನ್ ಇತ್ತು! ಹಾಗಿದ್ರೂ ಯಾಕೆ ಹೋಯ್ತು? ಡೇಟಾ ಉಳಿಯಲಿ ಅಂತ ಆ್ಯಪ್ ಒಳಗಿನ 'ಆಫ್‌ಲೈನ್ ಮೋಡ್' ಅನ್ನ ನಾನೇ ಆನ್ ಮಾಡಿಕೊಟ್ಟಿದ್ದೆ. ಅದು ಆನ್ ಇದ್ರೆ ಫೋನಿಗೆ ನೆಟ್ ಸಿಕ್ಕರೂ ಆ್ಯಪ್ ಸರ್ವರ್ ಕಡೆ ತಿರುಗಿಯೂ ನೋಡಲ್ಲ.

ಕಂಪನಿಗಳ ವಾದ ಪೂರ್ತಿ ಸುಳ್ಳಲ್ಲ. ನೆಟ್ ಇಲ್ಲದೆ ಕೇಳಿದ ಹಾಡಿನ ಲೆಕ್ಕ ಫೋನಲ್ಲೇ ಕೂತಿರುತ್ತೆ, ಅದು ಸರ್ವರ್‌ಗೆ ಸೇರಿದ್ರೇನೇ ಆ ಹಾಡಿನ ಹಕ್ಕುದಾರರಿಗೆ ದುಡ್ಡು. ಒಪ್ಪಿದೆ. ಒಂದು ತಿಂಗಳ ಚಂದಾ ಕಟ್ಟಿ, ಆಜೀವ ಕೇಳೋರನ್ನ ತಡೀಬೇಕು ಅನ್ನೋದೂ ಸರಿ. ಆದ್ರೆ ವರ್ಷದ ದುಡ್ಡು ಮುಂಗಡ ಇಸ್ಕೊಂಡ ಮೇಲೂ ತಿಂಗಳಿಗೊಮ್ಮೆ ಯಾಕೆ ಅನುಮಾನ? ವಾಯಿದೆ ಮುಗಿಯೋ ತಾರೀಖನ್ನ ಹಾಡಿನ ಪಟ್ಟಿ ಮೇಲೆ ಬರೆಯೋಕೆ ಏನು ಕಷ್ಟ? ಹಾಲಿನ ಪ್ಯಾಕೆಟ್ ಮೇಲೂ ಇರುತ್ತಲ್ಲ ಸ್ವಾಮಿ. ಐದು ದಿನ ಮುಂಚೆ "ಒಮ್ಮೆ ನೆಟ್ ಹಾಕಿ" ಅಂತ ಫೋನಲ್ಲೇ ಒಂದು ಸಾಲು ತೋರಿಸೋಕೆ ಸರ್ವರೂ ಬೇಡ, ನೆಟ್ಟೂ ಬೇಡ.

ಅದಕ್ಕಿಂತ ದೊಡ್ಡ ಅನ್ಯಾಯ ಫೈಲನ್ನೇ ಅಳಿಸಿಬಿಡೋದು. ಬೀಗ ಹಾಕಿ ಸುಮ್ನಿದ್ರೆ, ಗುಡ್ಡದ ಮೇಲಿನ ಎರಡು ಕಡ್ಡಿಯಲ್ಲೇ ಖಾತ್ರಿ ಮುಗಿದು ಹಾಡು ವಾಪಸ್ ಬರ್ತಿತ್ತು. ಅಳಿಸಿದ್ರೆ ಹಾಡಿಗೆ 10 ಎಂಬಿ ಹಿಡಿದ್ರೂ 400 ಹಾಡಿಗೆ ಸುಮಾರು 4 ಜಿಬಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇರೋರು ಮೂರು ದಿನ ಗುಡ್ಡದ ಮೇಲೇ ಕೂರಬೇಕು.

ನಿಮ್ಮದೂ ಹೋಗಿದ್ಯಾ? ಗಾಬರಿಯಲ್ಲಿ ಆ್ಯಪ್ ತೆಗೆದು ಮತ್ತೆ ಹಾಕ್ಬೇಡಿ, ಉಳಿದಿದ್ದೂ ಹೋಗುತ್ತೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ಎಷ್ಟು ಜಾಗ ತಿಂದಿದೆ ನೋಡಿ. ಇನ್ನೂ ಜಿಬಿಗಟ್ಟಲೆ ಇದ್ರೆ ಬಹುಶಃ ಬೀಗ ಮಾತ್ರ ಬಿದ್ದಿದೆ. ಆಫ್‌ಲೈನ್ ಮೋಡ್ ತೆಗೆದು, ನೆಟ್ ಇರೋ ಕಡೆ ಆ್ಯಪ್ ತೆರೆದಿಟ್ಟು ಸ್ವಲ್ಪ ಕಾಯಿರಿ. ಅಮ್ಮನ ಫೋನಲ್ಲಿ 60 ಎಂಬಿ ಉಳಿದಿತ್ತು.