ಅರ್ಧ ಅರ್ಧ ಅಂದ್ರೆ ನ್ಯೂಟ್ರಲ್ ಅಲ್ಲ

ನಮ್ಮ ಕತ್ತಲಗೆರೆ ಕಡೆ ಮಾಳಿಗೆ ಸೋರೋ ಜಗಳ ಹೊಸದೇನಲ್ಲ. ವಾಟರ್‌ಪ್ರೂಫಿಂಗ್ ಮಾಡಿಸಿದ ಮೊದಲ ಮುಂಗಾರಿಗೇ ಹಾಲ್‌ನ ಸೀಲಿಂಗ್ ಒದ್ದೆಯಾಗುತ್ತೆ. ಮನೆ ಓನರ್ "ಕಳಪೆ ಕೆಲಸ" ಅಂತಾರೆ. ಕಂಟ್ರಾಕ್ಟರ್ "ನೀವು ಮೇಲೆ ಅಡಿಕೆ ಒಣಗಿಸಿ ಕೆರೆದು ಹಾಳು ಮಾಡಿದ್ರಿ" ಅಂತಾರೆ. ಕೊನೆಗೆ ಯಾರೋ ಹಿರಿಯರು ಕೂತು "ಇಬ್ರೂ ಅರ್ಧ ಅರ್ಧ ಹಾಕ್ಕೊಳ್ರಪ್ಪ" ಅಂತ ಮುಗಿಸ್ತಾರೆ. ಜಗಳ ನಿಲ್ಲೋಕೆ ಅದು ಒಳ್ಳೆ ದಾರಿನೇ ಇರಬಹುದು. ಆದ್ರೆ ಅದೇ ಅರ್ಧ ಅರ್ಧವನ್ನ ಒಬ್ಬ ಇಂಜಿನಿಯರ್ ತನ್ನ ರಿಪೋರ್ಟ್‌ನಲ್ಲಿ ಬರೆದ್ರೆ ಅದು ನ್ಯೂಟ್ರಲ್ ಅಲ್ಲ, ಅದು ಪರೀಕ್ಷೆ ಮಾಡದೇ ಕೊಟ್ಟ ತೀರ್ಪು. ಎರಡೂ ಕಡೆಯವರು ಮತ್ತೆ ಅಳೆದು ನೋಡಬಹುದಾದ ಸಾಕ್ಷಿ ಇರೋ ರಿಪೋರ್ಟ್ ಮಾತ್ರ ನ್ಯೂಟ್ರಲ್ ಅನ್ನೋದು ನನ್ನ ವಾದ.

ಕಾನೂನು ಕೇಳೋದೂ ಇದನ್ನೇ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 39 ತಜ್ಞರ ಅಭಿಪ್ರಾಯದ ಬಗ್ಗೆ ಇದೆ, ಹಳೇ ಕಾಯ್ದೆಯಲ್ಲಿ ಅದು ಸೆಕ್ಷನ್ 45 ಆಗಿತ್ತು. ಸಿವಿಲ್ ಕೋರ್ಟ್ ಆದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 26, ರೂಲ್ 9ರ ಪ್ರಕಾರ ಜಾಗಕ್ಕೇ ಕಮಿಷನರ್‌ನ ಕಳಿಸಬಹುದು. 1999ರಲ್ಲಿ ಹಿಮಾಚಲದ ಸೇಬು ತೋಟಗಳ ಒಂದು ಕೇಸ್‌ನಲ್ಲಿ ಸುಪ್ರೀಂ ಕೋರ್ಟ್, ತಜ್ಞನ ಮಾತಿಗೆ ಬೆಲೆ ಬರೋದು ಅವನು ಕೊಡೋ ಕಾರಣಗಳಿಂದ ಮತ್ತು ಅದಕ್ಕೆ ಆಧಾರವಾದ ಮಾಹಿತಿಯಿಂದ ಅಂತ ಹೇಳಿತು. ಅಂದ್ರೆ ಬರೀ ಡಿಗ್ರಿ, ಸೀಲು, ಸಹಿ ಸಾಲದು.

ಒಂದು ಉದಾಹರಣೆ ತಗೊಂಡು ನೋಡೋಣ. ಮನೆ, ತಾರೀಖು, ಅಳತೆ ಎಲ್ಲಾ ನಾನು ಕಟ್ಟಿದ್ದು, ಆದ್ರೆ ನಮ್ಮ ಭಾಗದ ಯಾವ ಆರ್‌ಸಿಸಿ ಮನೆಗಾದ್ರೂ ಹೊಂದುತ್ತೆ. 100 ಚದರ ಮೀಟರ್ ಮಾಳಿಗೆ. ಏಪ್ರಿಲ್‌ನಲ್ಲಿ ಕಂಟ್ರಾಕ್ಟರ್ ಅಕ್ರಿಲಿಕ್ ಕೋಟಿಂಗ್ ಎರಡು ಕೋಟ್ ಹೊಡೆದಿದ್ದಾರೆ. ಜೂನ್‌ನಲ್ಲಿ ಲೀಕ್ ಶುರು. ಆಗಸ್ಟ್‌ನಲ್ಲಿ ಓನರ್ ಸೋಲಾರ್ ವಾಟರ್ ಹೀಟರ್ ಹಾಕಿಸಿದ್ದಾರೆ. ಅಡಿಕೆ ಸೀಸನ್‌ನಲ್ಲಿ ಮಾಳಿಗೆ ಮೇಲೆ ಬೇಯಿಸಿದ ಅಡಿಕೆ ಒಣಗಿದೆ. ಈಗ ಸೀಲಿಂಗ್‌ನಲ್ಲಿ ಮೂರು ಕಲೆ ಇವೆ. ಒಂದನೇದು ಹಾಲ್‌ನಲ್ಲಿ, ಪ್ಯಾರಪೆಟ್ ಗೋಡೆ ಪಕ್ಕ. ಎರಡನೇದು ಬೆಡ್‌ರೂಮ್‌ನಲ್ಲಿ, ಸೋಲಾರ್ ಸ್ಟ್ಯಾಂಡ್ ಇರೋ ಕಡೆ. ಮೂರನೇದು ಬಾತ್‌ರೂಮ್ ಗೋಡೆಯ ಮೇಲ್ಮೂಲೆಯಲ್ಲಿ. ಓನರ್ ಪ್ರಕಾರ ಮೂರೂ ಕಂಟ್ರಾಕ್ಟರ್ ತಪ್ಪು. ಕಂಟ್ರಾಕ್ಟರ್ ಪ್ರಕಾರ ಮೂರೂ ಓನರ್ ತಪ್ಪು.

ತಜ್ಞರು ಬಂದ ತಕ್ಷಣ ಮಾಳಿಗೆ ಹತ್ತಬಾರದು. ಮೊದಲು ಕಾಗದ ನೋಡಬೇಕು: ಕೊಟೇಷನ್‌ನಲ್ಲಿ ಏನೇನು ಸೇರಿತ್ತು, ಎಷ್ಟು ಬಕೆಟ್ ಬಿಲ್ ಇದೆ, ವಾಟ್ಸಾಪ್ ಫೋಟೋಗಳ ತಾರೀಖು ಏನು. ನಮ್ಮ ಉದಾಹರಣೆಯಲ್ಲಿ ಜೂನ್ ಫೋಟೋದಲ್ಲಿ ಹಾಲ್‌ನ ಕಲೆ ಇದೆ, ಬೆಡ್‌ರೂಮ್ ಸೀಲಿಂಗ್ ಒಣಗಿದೆ. ಈ ಒಂದು ಸಂಗತಿ ಮುಂದೆ ತುಂಬಾ ಕೆಲಸಕ್ಕೆ ಬರುತ್ತೆ. ಆಮೇಲೆ ಇಬ್ಬರಿಗೂ ಲಿಖಿತವಾಗಿ ತಿಳಿಸಿ, ಇಬ್ಬರ ಎದುರಲ್ಲೇ ಜಾಗ ನೋಡಬೇಕು. ಓನರ್ ಒಬ್ಬರೇ ಕಾಫಿ ಕೊಟ್ಟು ತೋರಿಸಿದ ಮಾಳಿಗೆಯ ರಿಪೋರ್ಟ್‌ನ ಇನ್ನೊಬ್ಬರು ಯಾಕೆ ನಂಬಬೇಕು?

ಮೊದಲ ತಪಾಸಣೆ ಫೆಬ್ರವರಿಯಲ್ಲಿ, ಮಳೆ ನಿಂತು ತಿಂಗಳುಗಳಾದ ಮೇಲೆ. ಮಾಯಿಶ್ಚರ್ ಮೀಟರ್ ಹಿಡಿದು ಮೂರೂ ಕಲೆ ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ ಇದೆ. ಪಿನ್ ಇರೋ ಸಾಮಾನ್ಯ ಮೀಟರ್‌ಗಳ ಸ್ಕೇಲ್ ಮರಕ್ಕೆ ಹೊಂದಿಸಿರೋದು. ಪ್ಲಾಸ್ಟರ್ ಮೇಲೆ ಅದು ತೋರಿಸೋ ಪರ್ಸೆಂಟ್ ನಿಜವಾದ ತೇವಾಂಶ ಅಲ್ಲ, ಉಪ್ಪು ಕಟ್ಟಿದ್ರೆ ಇನ್ನೂ ಜಾಸ್ತಿ ತೋರಿಸುತ್ತೆ. ಹಾಗಾಗಿ ಅದೇ ರೂಮಿನ ಒಣ ಜಾಗದ ರೀಡಿಂಗ್ ಜೊತೆ ಹೋಲಿಸಿ ಮಾತ್ರ ಮಾತಾಡಬೇಕು. ಹಾಗೆ ಹೋಲಿಸಿದಾಗ ಒಂದನೇ, ಎರಡನೇ ಕಲೆ ಒಣ ಜಾಗದಷ್ಟೇ ತೋರಿಸ್ತವೆ, ಮೂರನೇದು ಮಾತ್ರ ತುಂಬಾ ಜಾಸ್ತಿ. ಮಳೆನೇ ಇಲ್ಲದ ಫೆಬ್ರವರಿಯಲ್ಲಿ ಒದ್ದೆ ಇರೋ ಮೂಲೆಗೆ ನೀರು ಎಲ್ಲಿಂದ ಬಂತು? ಪೈಪ್‌ಲೈನ್‌ಗೆ ಪ್ರೆಶರ್ ಟೆಸ್ಟ್ ಮಾಡಿದ್ರೆ ಗೇಜ್ ಮುಳ್ಳು ಇಳಿಯುತ್ತೆ. ಆ ಗೋಡೆ ಒಡೆದು ನೋಡಿದ್ರೆ ಪೈಪ್ ಜಾಯಿಂಟ್‌ನಲ್ಲಿ ಸೋರಿಕೆ. ಮೂರನೇ ಕಲೆಗೂ ಮಾಳಿಗೆಗೂ ಸಂಬಂಧ ಇಲ್ಲ.

ಇನ್ನು ಮುಖ್ಯ ಪರೀಕ್ಷೆ, ಪಾಂಡಿಂಗ್ ಟೆಸ್ಟ್. ಸುಮ್ನೆ ಇಡೀ ಮಾಳಿಗೆಗೆ ನೀರು ನಿಲ್ಲಿಸಿ "ನೋಡಿ, ಸೋರ್ತಿದೆ" ಅಂದ್ರೆ ಏನೂ ಗೊತ್ತಾಗಲ್ಲ, ಸೋರುತ್ತೆ ಅಂತ ಎಲ್ರಿಗೂ ಮೊದಲೇ ಗೊತ್ತಿತ್ತು. ಕಲೆ ಕಾಣೋ ಜಾಗದ ನೇರ ಮೇಲೆಯೇ ನೀರು ಇಳಿದಿರುತ್ತೆ ಅಂತಲೂ ಇಲ್ಲ. ಅದು ಸ್ಲ್ಯಾಬ್ ಮೇಲಿನ ಗಾರೆ ಪದರದಲ್ಲಿ ಹರಿದು, ವೈರಿಂಗ್ ಪೈಪ್ ಹಿಡಿದು, ಎಲ್ಲೋ ಫ್ಯಾನ್ ಹುಕ್ ಹತ್ರ ತೊಟ್ಟಿಕ್ಕಬಹುದು. ಅದಕ್ಕೇ ಮಾಳಿಗೆಯನ್ನ ಸಣ್ಣ ಕಟ್ಟೆ ಕಟ್ಟಿ ಮೂರು ಭಾಗ ಮಾಡಬೇಕು, ಗದ್ದೆಗೆ ಬದು ಹಾಕಿದ ಹಾಗೆ. ನೀರಿನ ಆಳ 50 ಮಿ.ಮೀ. ಸಾಕು. ಅದು ಚದರ ಮೀಟರ್‌ಗೆ 50 ಕೆಜಿ, ಅಂದ್ರೆ ಸುಮಾರು 0.5 ಕಿಲೋನ್ಯೂಟನ್. ಜನ ಓಡಾಡೋ ಮಾಳಿಗೆಗೆ ಐಎಸ್ 875 ಹೇಳೋ ಲೈವ್ ಲೋಡ್ 1.5 ಕಿಲೋನ್ಯೂಟನ್, ಹಾಗಾಗಿ ಸರಿಯಾಗಿ ಕಟ್ಟಿದ ಸ್ಲ್ಯಾಬ್‌ಗೆ ತೊಂದರೆ ಇಲ್ಲ.

ಮೊದಲು ನೀರು ನಿಲ್ಲಿಸೋದು ಏನೂ ಇಲ್ಲದ ನಡು ಭಾಗದಲ್ಲಿ. 48 ಗಂಟೆ ಆದ್ರೂ ಕೆಳಗೆ ರೀಡಿಂಗ್ ಬದಲಾಗಲ್ಲ. ಇದು ನಮ್ಮ ಲ್ಯಾಬ್ ಭಾಷೆಯಲ್ಲಿ ಕಂಟ್ರೋಲ್. ಆಮೇಲೆ ಪ್ಯಾರಪೆಟ್ ಪಕ್ಕದ ಭಾಗ. ಆರೇ ಗಂಟೆಯಲ್ಲಿ ಹಾಲ್‌ನ ಕಲೆ ಒದ್ದೆ. ನೀರಿಗೆ ಹಾಕಿದ್ದ ಬಣ್ಣವೂ ಕೆಳಗೆ ಕಾಣುತ್ತೆ. ಆ ನೀರನ್ನ ಖಾಲಿ ಮಾಡಿ, ಸೀಲಿಂಗ್ ಒಣಗಲು ಬಿಟ್ಟು, ಸೋಲಾರ್ ಭಾಗಕ್ಕೆ ನೀರು. ಬೆಡ್‌ರೂಮ್ ಒದ್ದೆ. ಇಲ್ಲಿಗೆ ನಿಲ್ಲಿಸಬಾರದು. ಸ್ಟ್ಯಾಂಡ್‌ನ ಬೋಲ್ಟ್‌ಗಳ ಸುತ್ತ ಸೀಲ್ ಮಾಡಿ ಅದೇ ಭಾಗಕ್ಕೆ ಮತ್ತೆ ನೀರು ನಿಲ್ಲಿಸಬೇಕು. ಈ ಸಲ 48 ಗಂಟೆ ಆದ್ರೂ ಕೆಳಗೆ ಒಣಗೇ ಇದೆ. ಈಗ ಬೋಲ್ಟ್ ತೂತೇ ದಾರಿ ಅಂತ ಹೇಳಬಹುದು. ಜೂನ್ ಫೋಟೋ ಕೂಡ ಅದಕ್ಕೆ ಹೊಂದುತ್ತೆ: ಬೋಲ್ಟ್ ಹಾಕೋ ಮೊದಲು ಅಲ್ಲಿ ಕಲೆ ಇರಲಿಲ್ಲ.

ಇನ್ನು ಕೋಟಿಂಗ್ ದಪ್ಪ. ಇದರ ಲೆಕ್ಕ ತುಂಬಾ ಸುಲಭ. ಒಂದು ಚದರ ಮೀಟರ್‌ಗೆ ಒಂದು ಲೀಟರ್ ಬಳಿದ್ರೆ ಹಸಿ ಪದರ 1 ಮಿ.ಮೀ. ಡಬ್ಬದಲ್ಲಿ ಘನಾಂಶ ವಾಲ್ಯೂಮ್ ಲೆಕ್ಕದಲ್ಲಿ ಅರ್ಧ ಇದ್ರೆ, ಒಣಗಿದ ಮೇಲೆ ಉಳಿಯೋದು 0.5 ಮಿ.ಮೀ. ಕೊಟೇಷನ್ ಪ್ರಕಾರ ಎರಡು ಕೋಟ್ ಸೇರಿ ಚದರ ಮೀಟರ್‌ಗೆ ಒಂದು ಲೀಟರ್, ಅಂದ್ರೆ 100 ಲೀಟರ್, 20 ಲೀಟರ್‌ನ ಐದು ಬಕೆಟ್. ಬಿಲ್ ಇರೋದು ಮೂರಕ್ಕೆ. ಹಾಗಾದ್ರೆ ಒಣ ದಪ್ಪ ಸುಮಾರು 0.3 ಮಿ.ಮೀ. ಬರಬೇಕು. ಮಾಳಿಗೆಯಿಂದ ಕತ್ತರಿಸಿ ತೆಗೆದ ಸಣ್ಣ ತುಂಡುಗಳನ್ನ ಅಳೆದ್ರೆ 0.28ರಿಂದ 0.35. ಕಾಗದದ ಲೆಕ್ಕ, ಮಾಳಿಗೆಯ ಅಳತೆ ಎರಡೂ ಒಂದೇ ಮಾತು ಹೇಳ್ತಿವೆ.

"ಅಡಿಕೆ ಕೆರೆದು ಸವೆದಿದೆ" ಅನ್ನೋ ಕಂಟ್ರಾಕ್ಟರ್ ಮಾತನ್ನ ತಳ್ಳಿ ಹಾಕೋ ಹಾಗಿಲ್ಲ, ಅದು ಆಗೋ ಮಾತೇ. ಅದಕ್ಕೇ ಒಂದು ತುಂಡು ಅಡಿಕೆ ಹರಡೋ ಜಾಗದ್ದು, ಇನ್ನೊಂದು ಮೆಟ್ಟಿಲು ಮನೆ ಹಿಂದೆ ಯಾರೂ ಕಾಲಿಡದ ಮೂಲೆಯದ್ದು ತೆಗೀಬೇಕು. ಎರಡೂ ಕಡೆ ದಪ್ಪ ಒಂದೇ ಇದ್ರೆ ಸವೆತದ ವಾದ ನಿಲ್ಲಲ್ಲ. ಮೂಲೆಯಲ್ಲಿ ದಪ್ಪ ಜಾಸ್ತಿ ಸಿಕ್ಕಿದ್ರೆ ಕಂಟ್ರಾಕ್ಟರ್ ಹೇಳಿದ್ದರಲ್ಲಿ ಸತ್ಯ ಇದೆ ಅಂತ ಬರೀಬೇಕಿತ್ತು. ನಮ್ಮ ಉದಾಹರಣೆಯಲ್ಲಿ ಒಂದೇ ಇದೆ.

ಇಲ್ಲೇ ಹೆಚ್ಚಿನ ರಿಪೋರ್ಟ್‌ಗಳು ಜಾರೋದು ಅಂತ ನನಗನ್ಸುತ್ತೆ. ಕೋಟಿಂಗ್ ತೆಳ್ಳಗಿದೆ ಅಂತ ಸಿಕ್ಕಿದ ತಕ್ಷಣ "ಅದಕ್ಕೇ ಸೋರ್ತಿದೆ" ಅಂತ ಬರೆದುಬಿಡೋದು. ಆದ್ರೆ ಅದೇ ತೆಳು ಕೋಟಿಂಗ್ ಇರೋ ನಡು ಭಾಗ 48 ಗಂಟೆ ಸೋರಲಿಲ್ಲ ಅಲ್ವಾ? ಒಪ್ಪಂದದ ಪ್ರಕಾರ ಕೆಲಸ ಆಗಿದೆಯಾ ಅನ್ನೋದು ಒಂದು ಪ್ರಶ್ನೆ, ಈ ಕಲೆಗೆ ಕಾರಣ ಏನು ಅನ್ನೋದು ಬೇರೆ ಪ್ರಶ್ನೆ. ಹಾಲ್‌ನ ಕಲೆಗೆ ಕಾರಣ, ಮಾಳಿಗೆ ಮತ್ತು ಪ್ಯಾರಪೆಟ್ ಸೇರೋ ಮೂಲೆಯ ಬಿರುಕು. ಅಲ್ಲಿ ಗೋಲಾ ಕೊಟ್ಟು ಮೂಲೆ ದುಂಡಗೆ ಮಾಡಿ, ಕೋಟಿಂಗನ್ನ ಗೋಡೆ ಮೇಲಕ್ಕೂ ಹತ್ತಿಸಬೇಕಿತ್ತು. ಕೊಟೇಷನ್‌ನಲ್ಲಿ ಗೋಲಾ ಬರೆದಿದೆ, ಜಾಗದಲ್ಲಿ ಇಲ್ಲ. ಒಂದು ವೇಳೆ ಕೊಟೇಷನ್‌ನಲ್ಲೇ ಇರದಿದ್ರೆ? ಆಗ "ಗೋಲಾ ಇಲ್ಲ, ನೀರು ಇಲ್ಲಿಂದ ಇಳೀತಿದೆ" ಅನ್ನೋ ತನಕ ಇಂಜಿನಿಯರ್ ಕೆಲಸ. ಕೇಳದಿದ್ರೂ ಅದನ್ನ ಕಂಟ್ರಾಕ್ಟರ್ ಮಾಡಲೇಬೇಕಿತ್ತಾ ಅನ್ನೋದನ್ನ ಗ್ರಾಹಕರ ಆಯೋಗವೋ ಕೋರ್ಟೋ ತೀರ್ಮಾನಿಸಲಿ.

ಹಾಗಾದ್ರೆ ಕೊನೆಗೆ ರಿಪೋರ್ಟ್ ಏನು ಹೇಳಬೇಕು? ಮೊದಲ ಕಲೆ, ಮೂಲೆ ಸರಿಯಾಗಿ ಮಾಡದ್ದರಿಂದ. ಎರಡನೇದು, ಆಮೇಲೆ ಹಾಕಿದ ಬೋಲ್ಟ್‌ನಿಂದ. ಮೂರನೇದು, ಪೈಪ್‌ನಿಂದ. ಕೋಟಿಂಗ್ ಇಡೀ ಮಾಳಿಗೆಯಲ್ಲಿ ಹೇಳಿದ್ದಕ್ಕಿಂತ ತೆಳುವಾಗಿದೆ, ಅದು ಇವತ್ತಿನ ಮೂರು ಕಲೆಗೆ ಕಾರಣ ಅಂತ ಪರೀಕ್ಷೆಯಲ್ಲಿ ಕಂಡಿಲ್ಲ, ಎಷ್ಟು ವರ್ಷ ಬಾಳುತ್ತೆ ಅಂತ ಈ ಪರೀಕ್ಷೆಯಿಂದ ಹೇಳೋಕಾಗಲ್ಲ. ಪ್ರತಿಯೊಂದಕ್ಕೂ ಬೇಕಾಗೋ ರಿಪೇರಿ ಇಷ್ಟು ಮೀಟರ್, ಇಷ್ಟು ಚದರ ಮೀಟರ್ ಅಂತ ಬೇರೆ ಬೇರೆ ಬರೀಬೇಕು. "ಕಂಟ್ರಾಕ್ಟರ್ 60%, ಓನರ್ 40%" ಅನ್ನೋ ನಂಬರ್ ಯಾವ ಗೇಜ್‌ನಲ್ಲೂ ಬರಲ್ಲ. "ಕಳಪೆ" ಅನ್ನೋ ಪದವೂ ಬೇಡ. ಅದು ಬೈಗುಳ, ಅಳತೆ ಅಲ್ಲ.

ಈ ರಿಪೋರ್ಟ್ ಓದಿದ್ರೆ ಇಬ್ಬರಿಗೂ ಪೂರ್ತಿ ಖುಷಿ ಆಗಲ್ಲ, ಅರ್ಧ ಅರ್ಧದಲ್ಲೂ ಹಾಗೇ. ವ್ಯತ್ಯಾಸ ಏನಂದ್ರೆ, ಇಲ್ಲಿ ಒಪ್ಪದವರು ಅದೇ ಬದು ಕಟ್ಟಿ, ಅದೇ 50 ಮಿ.ಮೀ. ನೀರು ನಿಲ್ಲಿಸಿ ತಾವೇ ನೋಡಬಹುದು.

ಆದ್ರೆ ಇದೆಲ್ಲ ಆಗೋದು ಮಾಳಿಗೆ ಹಾಗೇ ಇದ್ರೆ ಮಾತ್ರ. ಸಿಟ್ಟಲ್ಲಿ ಇನ್ನೊಬ್ಬ ಮೇಸ್ತ್ರಿನ ಕರೆಸಿ ಮೇಲೆ ಇನ್ನೊಂದು ಕೋಟ್ ಹೊಡೆಸಿದ ದಿನವೇ ದಪ್ಪದ ಸಾಕ್ಷಿ, ಬಿರುಕಿನ ಸಾಕ್ಷಿ ಎಲ್ಲಾ ಮುಚ್ಚಿಹೋಗುತ್ತೆ. ಗ್ರಾಹಕರ ಆಯೋಗಕ್ಕೆ ದೂರು ಕೊಡೋಕೆ ಸಾಮಾನ್ಯವಾಗಿ ಎರಡು ವರ್ಷ ಟೈಮ್ ಇರುತ್ತೆ, ಸಾಕ್ಷಿಗೆ ಅಷ್ಟು ಟೈಮ್ ಇರಲ್ಲ. ಮನೆಯಲ್ಲಿ ಯಾರಾದ್ರೂ "ಸಿವಿಲ್ ಓದ್ತಿದೀಯಲ್ಲ, ಬಂದು ನೋಡು" ಅಂತ ಕರೆದ್ರೆ, ಯಾರ ತಪ್ಪು ಅಂತ ಹೇಳೋ ಮೊದಲು ಒಂದೇ ಮಾತು ಹೇಳಿ: ಮಳೆ ಬಂದ್ರೆ ಟಾರ್ಪಾಲ್ ಹೊದಿಸಿ, ತಾರೀಖು ಸಮೇತ ಫೋಟೋ ತೆಗೆದಿಡಿ, ಅಳತೆ ಮುಗಿಯೋ ತನಕ ಮೇಲೆ ಏನೂ ಬಳೀಬೇಡಿ.