ಕೆಲಸ ಯಾಕೆ ಹೋಯ್ತು? ಮೂರು ಮಾತು ಸಾಕು

ಸಂದರ್ಶನದಲ್ಲಿ ‘ಹಿಂದಿನ ಕೆಲಸ ಯಾಕೆ ಬಿಟ್ಟಿರಿ?’ ಅಂದಾಗ ‘ಮನೆ ಕಡೆ ತೊಂದರೆ ಇತ್ತು ಸರ್’ ಅನ್ನೋದು ನಮ್ಮ ಕಡೆ ರೂಢಿ. ಇದು ಬೇಡ ಅಂತೀವಿ ನಾವು. ಪಿಎಫ್ ಕಟ್ಟಿದ್ದರೆ ಯುಎಎನ್ ದಾಖಲೆಯಲ್ಲಿ ಸೇರಿದ, ಬಿಟ್ಟ ದಿನಾಂಕ ಇರುತ್ತದೆ. ಹಳೇ ಕಚೇರಿಗೆ ಒಂದು ಫೋನ್ ಹೋದರೆ ಕಾರಣವೂ ತಿಳಿಯಬಹುದು.

ವಸೂಲಿ ಗುರಿ ಮುಟ್ಟದೆ ಮೈಕ್ರೋಫೈನಾನ್ಸ್ ಕೆಲಸ ಕಳೆದುಕೊಂಡ ಹುಡುಗನನ್ನೇ ತೆಗೆದುಕೊಳ್ಳಿ. ಅವನು ಹೇಳಬೇಕಾದ್ದು ಇಷ್ಟೇ: ‘ಮೂರು ತಿಂಗಳು ಗುರಿ ಮುಟ್ಟಲಿಲ್ಲ, ತೆಗೆದರು ಸರ್. ಕಂತು ತಪ್ಪಿದ ಮೇಲೆ ಮನೆಗೆ ಹೋಗುತ್ತಿದ್ದೆ, ಹಿಂದಿನ ದಿನವೇ ಹೋಗಬೇಕಿತ್ತು ಅಂತ ಕಲಿತೆ. ಈ ಕೆಲಸದಲ್ಲೂ ಊರೂರು ತಿರುಗೋದಿದೆ, ಅದು ನನಗೆ ಅಭ್ಯಾಸ.’

ಆಮೇಲೆ ಸುಮ್ಮನಿರಬೇಕು. ಎದುರಿನವರು ಬರೆದುಕೊಳ್ಳುವಾಗ ಒಂದು ಮೌನ ಇರುತ್ತದೆ. ಅದನ್ನು ತುಂಬಲು ಹೋದಾಗಲೇ ಹಳೇ ಮ್ಯಾನೇಜರ್ ಮೇಲಿನ ಸಿಟ್ಟು ಹೊರಬರುತ್ತದೆ.

ಮ್ಯಾನೇಜರ್ ಅನ್ಯಾಯ ಮಾಡಿರಲೂಬಹುದು. ಸಂಬಳ ಬಾಕಿ ಇದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಸಂದರ್ಶನಕ್ಕೆ ಕೂತವರು ಆ ನ್ಯಾಯ ತೀರಿಸಲಾರರು. ಇಡೀ ಶಾಖೆಯೇ ಮುಚ್ಚಿದ್ದರೆ ಮಾತು ಇನ್ನೂ ಚಿಕ್ಕದು: ‘ಶಾಖೆ ಮುಚ್ಚಿತು, ಎಲ್ಲರನ್ನೂ ಬಿಡಿಸಿದರು.’ ಅದಕ್ಕೆ ತಲೆ ತಗ್ಗಿಸಬೇಕಿಲ್ಲ.