ಬಾಟ್‌ನ ಲಾಗ್ ಬೇರೆ, ತೆರಿಗೆಯ ಲೆಕ್ಕ ಬೇರೆ

ಈಗ ನಮ್ಮಲ್ಲಿ ತುಂಬಾ ಜನ ಪೈಥಾನ್‌ನಲ್ಲಿ ಟ್ರೇಡಿಂಗ್ ಬಾಟ್ ಬರೀತಿದ್ದೀವಿ. ಬ್ರೋಕರ್‌ನ ಎಪಿಐ ಸಿಗುತ್ತೆ, ಒಂದು ಭಾನುವಾರ ಕೂತರೆ ಶೇರು ಕೊಂಡು ಮಾರೋ ಕೋಡ್ ರೆಡಿಯಾಗುತ್ತೆ. ಅದರ ಲಾಗ್ ಫೈಲ್‌ನಲ್ಲಿ "ಇವತ್ತಿನ ಲಾಭ 400 ರೂಪಾಯಿ" ಅಂತ ಬಂದರೆ ಖುಷಿಯೂ ಆಗುತ್ತೆ. ಆದರೆ ಆ 400 ಆದಾಯ ತೆರಿಗೆಯವರ ಕಣ್ಣಲ್ಲಿ 400 ಆಗಿರಲೇಬೇಕು ಅಂತೇನಿಲ್ಲ, 8,400 ಕೂಡ ಆಗಬಹುದು. ಅದಕ್ಕೇ ನಾವು ಹೇಳೋದು ಇಷ್ಟು: ಬಾಟ್ ಬರೆಯುವವರು ತೆರಿಗೆಯ ಲೆಕ್ಕವನ್ನೂ ಅವತ್ತವತ್ತೇ ಬರೆಯಬೇಕು. ಮನೆಯವರ ಹಳೇ ಶೇರು ಇರುವ ಡಿಮ್ಯಾಟ್ ಖಾತೆಯಲ್ಲಂತೂ ಬಾಟ್ ಓಡಿಸಲೇಬಾರದು.

ಇದಕ್ಕೆ ಕಾರಣ ನಾವು ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಓದಿದ್ದೇ. ಬಾಟ್ ಸ್ಟ್ಯಾಕ್ ಥರ ಯೋಚಿಸುತ್ತೆ: ಈಗಷ್ಟೇ ಕೊಂಡಿದ್ದನ್ನೇ ಈಗ ಮಾರಿದೆ ಅಂದ್ಕೊಳ್ಳುತ್ತೆ. ಆದಾಯ ತೆರಿಗೆ ಕಾನೂನು ಕ್ಯೂ ಥರ ನಡೆಯುತ್ತೆ. ಡಿಮ್ಯಾಟ್‌ನಲ್ಲಿರೋ ಒಂದೇ ಕಂಪನಿಯ ಶೇರುಗಳಲ್ಲಿ ಯಾವುದು ಮೊದಲು ಬಂತೋ ಅದೇ ಮೊದಲು ಮಾರಾಟವಾಯ್ತು ಅಂತ ಲೆಕ್ಕ. ಇದೇ ಫಿಫೋ. "ನಾನು ಮಾರಿದ್ದು ಹೊಸ ಶೇರು, ಹಳೇದಲ್ಲ" ಅಂತ ಆರಿಸಿಕೊಳ್ಳೋಕೆ ನಮಗೆ ಅವಕಾಶ ಇಲ್ಲ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಅಪ್ಪನಿಗೆ ಸಂಬಳ ಇದೆ, ಪ್ರತಿ ವರ್ಷ ತೆರಿಗೆ ಕಟ್ತಾರೆ. 2025ರ ಏಪ್ರಿಲ್ 16ಕ್ಕೆ ಒಂದು ಕಂಪನಿಯ 100 ಶೇರನ್ನ 500 ರೂಪಾಯಿಯಂತೆ ತಗೊಂಡ್ರು. ಒಂದು ವರ್ಷ ದಾಟಿಸಿ ಮಾರೋಣ ಅಂತ ಅವರ ಯೋಚನೆ. ಯಾಕಂದ್ರೆ ಲಿಸ್ಟೆಡ್ ಶೇರು 12 ತಿಂಗಳಿಗಿಂತ ಹೆಚ್ಚು ಇದ್ದರೆ ದೀರ್ಘಾವಧಿ ಲಾಭ ಆಗುತ್ತೆ. ಅದರಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇಕಡಾ 12.5. ಅದಕ್ಕಿಂತ ಮೊದಲೇ ಮಾರಿದರೆ ಅಲ್ಪಾವಧಿ ಲಾಭ, ಮೊದಲ ರೂಪಾಯಿಯಿಂದಲೇ ಶೇಕಡಾ 20.

ಮಗಳು ಅದೇ ಖಾತೆಯಲ್ಲಿ ತನ್ನ ಬಾಟ್ ಓಡಿಸ್ತಾಳೆ. ಅದು ನವೆಂಬರ್ 10ಕ್ಕೆ ಅದೇ ಕಂಪನಿಯ 40 ಶೇರನ್ನ 700ಕ್ಕೆ ಕೊಂಡು, 13ಕ್ಕೆ 710ಕ್ಕೆ ಮಾರುತ್ತೆ. ಲಾಗ್‌ನಲ್ಲಿ ಲಾಭ 400 ರೂಪಾಯಿ. ಆದರೆ ಫಿಫೋ ಪ್ರಕಾರ ಹೋಗಿದ್ದು ಅಪ್ಪನ ಏಪ್ರಿಲ್‌ನ ಶೇರುಗಳಲ್ಲಿ 40. ಒಂದೊಂದಕ್ಕೆ 210 ರೂಪಾಯಿಯಂತೆ ಲಾಭ 8,400. ವರ್ಷ ಆಗಿಲ್ಲ, ಹಾಗಾಗಿ ಅಲ್ಪಾವಧಿ. ತೆರಿಗೆ 1,680, ಅದರ ಮೇಲೆ ಶೇಕಡಾ 4 ಸೆಸ್ ಸೇರಿ ಸುಮಾರು 1,747 ರೂಪಾಯಿ.

ಕಥೆ ಅಲ್ಲಿಗೇ ಮುಗಿಯಲ್ಲ. ಈಗ ಖಾತೆಯಲ್ಲಿ ಉಳಿದಿರೋದು 500ರ 60 ಶೇರು, 700ರ 40 ಶೇರು. ಅಪ್ಪ 2026ರ ಮೇ ತಿಂಗಳಲ್ಲಿ "ವರ್ಷ ಆಯ್ತಲ್ಲ" ಅಂತ ಎಲ್ಲಾ 100ನ್ನೂ 750ಕ್ಕೆ ಮಾರ್ತಾರೆ ಅಂದ್ಕೊಳ್ಳಿ. 60ಕ್ಕೆ ಬಂದ 15,000 ಲಾಭ ದೀರ್ಘಾವಧಿ, ಬೇರೆ ಲಾಭ ಇಲ್ಲದಿದ್ದರೆ ತೆರಿಗೆ ಸೊನ್ನೆ. ಉಳಿದ 40ಕ್ಕೆ ವಯಸ್ಸು ಆರೇ ತಿಂಗಳು. ಅದರ 2,000 ಲಾಭ ಅಲ್ಪಾವಧಿ, ಸೆಸ್ ಸೇರಿ ಇನ್ನೊಂದು 416 ರೂಪಾಯಿ.

ಎರಡೂ ವರ್ಷದ ತೆರಿಗೆ ಕೂಡಿದರೆ 2,163. ಬಾಟ್ ಬೇರೆ ಡಿಮ್ಯಾಟ್‌ನಲ್ಲಿ ಓಡಿದ್ದರೆ ಅದರ 400ಕ್ಕೆ ಹೆಚ್ಚಂದ್ರೆ 83 ರೂಪಾಯಿ ತೆರಿಗೆ ಬರ್ತಿತ್ತು, ಅಪ್ಪನ 25,000 ಲಾಭಕ್ಕೆ ಏನೂ ಬರ್ತಿರಲಿಲ್ಲ. ಗಮನಿಸಿ, ಒಟ್ಟು ಲಾಭ ಎರಡು ಕಡೆಯೂ 25,400ನೇ. ಒಂದು ರೂಪಾಯಿಯೂ ಹೆಚ್ಚು ಬಂದಿಲ್ಲ. ಯಾವ ಶೇರು ಯಾವಾಗ ಹೋಯ್ತು ಅನ್ನೋದು ಮಾತ್ರ ಬದಲಾಗಿದೆ. 400 ದುಡಿಯೋಕೆ ಹೋಗಿ 2,163 ಕಟ್ಟೋದು ಯಾವ ಸ್ಟ್ರ್ಯಾಟಜಿ?

ಫಿಫೋ ಪ್ರತಿ ಡಿಮ್ಯಾಟ್ ಖಾತೆಗೆ ಪ್ರತ್ಯೇಕವಾಗಿ ಅನ್ವಯ ಆಗುತ್ತೆ. ಹಾಗಾಗಿ ಪರಿಹಾರ ಸುಲಭ, ಬಾಟ್‌ಗೆ ಅದರದೇ ಖಾತೆ ಕೊಡಬೇಕು. ನಮಗೆ 18 ತುಂಬಿದೆ, ನಮ್ಮ ಹೆಸರಲ್ಲೇ ತೆರೆಯಬಹುದು. ಒಂದೇ ಖಾತೆಯಲ್ಲಿ ಎರಡು ಸ್ಟ್ರ್ಯಾಟಜಿ ಓಡಿಸಿದರೂ ಇದೇ ತೊಂದರೆ, ಅಪ್ಪನ ಜಾಗದಲ್ಲಿ ನಮ್ಮದೇ ಇನ್ನೊಂದು ಬಾಟ್ ಇರುತ್ತೆ ಅಷ್ಟೇ.

ಒಂದು ವಿನಾಯಿತಿ ಇದೆ. ಕೊಂಡ ದಿನವೇ ಮಾರಿದರೆ ಆ ಶೇರು ಡಿಮ್ಯಾಟ್‌ಗೆ ಬರೋದೇ ಇಲ್ಲ, ಹಳೇದು ಹೊರಗೆ ಹೋಗೋದೂ ಇಲ್ಲ. ಅದು ಇಂಟ್ರಾಡೇ. ಕ್ಯಾಪಿಟಲ್ ಗೇನ್ಸ್ ಅಲ್ಲ, ಸ್ಪೆಕ್ಯುಲೇಟಿವ್ ವ್ಯವಹಾರದ ಆದಾಯ. ನಮ್ಮ ಬಾಟ್ ಮಧ್ಯಾಹ್ನ 3:25ಕ್ಕೆ ಮಾರಿದರೆ ಒಂದು ಲೆಕ್ಕ, ಆರ್ಡರ್ ಸಿಕ್ಕಿಹಾಕಿಕೊಂಡು ಮರುದಿನ ಬೆಳಿಗ್ಗೆ ಮಾರಿದರೆ ಇನ್ನೊಂದು ಲೆಕ್ಕ. ಕೋಡ್ ಅದೇ, ರಿಟರ್ನ್‌ನಲ್ಲಿ ಹೋಗೋ ಜಾಗ ಬೇರೆ.

ಹಾಗಾದ್ರೆ ಏನು ಬರೆದಿಡಬೇಕು? ಲಾಗ್‌ನಲ್ಲಿ ಸಾಮಾನ್ಯವಾಗಿ ಆರ್ಡರ್ ಇರುತ್ತೆ. ತೆರಿಗೆಗೆ ಬೇಕಾದ್ದು ಟ್ರೇಡ್. 40 ಶೇರಿನ ಒಂದು ಆರ್ಡರ್ 25 ಮತ್ತು 15 ಆಗಿ ಎರಡು ಬೆಲೆಗೆ ಪೂರೈಸಬಹುದು, ಆಗ ಎರಡು ಸಾಲು ಬೇಕು. ನಾವು ಇಡೋ ಫೈಲ್‌ನ ತಲೆಸಾಲು ಹೀಗಿದೆ:

```
trade_id,order_id,exch_time,isin,side,qty,price,charges,stt,strategy
```

ಸಮಯ ನಮ್ಮ ಲ್ಯಾಪ್‌ಟಾಪ್‌ನದ್ದಲ್ಲ, ಎಕ್ಸ್‌ಚೇಂಜ್‌ನದ್ದು. ಕಂಪನಿ ಹೆಸರು ಬದಲಾದರೆ ಸಿಂಬಲ್ ಕೂಡ ಬದಲಾಗಬಹುದು, ಅದಕ್ಕೆ `isin`. `charges` ಮತ್ತು `stt` ಬೇರೆ ಬೇರೆ ಯಾಕಂದ್ರೆ, ಕ್ಯಾಪಿಟಲ್ ಗೇನ್ಸ್ ಲೆಕ್ಕದಲ್ಲಿ ಬ್ರೋಕರೇಜನ್ನ ಕಳೆಯಬಹುದು, ಎಸ್‌ಟಿಟಿಯನ್ನ ಕಳೆಯೋ ಹಾಗಿಲ್ಲ.

ಇದನ್ನ ಅವತ್ತು ಸಂಜೆಯೇ ಬರೆಯಬೇಕು, ಯಾಕಂದ್ರೆ ಎಪಿಐ ಕೊಡೋ ಟ್ರೇಡ್ ಪಟ್ಟಿ ಸಾಮಾನ್ಯವಾಗಿ ಅವತ್ತಿನದು ಮಾತ್ರ. ಆಮೇಲೆ ಬ್ರೋಕರ್ ಮೇಲ್ ಮಾಡೋ ಕಾಂಟ್ರ್ಯಾಕ್ಟ್ ನೋಟ್ ಜೊತೆ ಹೋಲಿಸಬೇಕು. ಅದು ವ್ಯವಹಾರ ಆದ 24 ಗಂಟೆಯೊಳಗೆ ಬರಬೇಕು ಅಂತ ನಿಯಮ ಇದೆ, ಟ್ರೇಡ್ ನಂಬರ್ ಸಮೇತ ಇರುತ್ತೆ. ಫೈಲ್ ಸರಿ ಇದೆಯಾ ಅಂತ ತಿಳಿಯೋಕೆ ಒಂದೇ ಪರೀಕ್ಷೆ ಸಾಕು: ಕೊಂಡಿದ್ದರಲ್ಲಿ ಮಾರಿದ್ದು ಕಳೆದರೆ ಉಳಿಯೋ ಸಂಖ್ಯೆ ಡಿಮ್ಯಾಟ್‌ನ ಸಂಖ್ಯೆಗೆ ಸಮ ಇರಬೇಕು. ಇಲ್ಲ ಅಂದ್ರೆ ಯಾವುದೋ ಟ್ರೇಡ್ ಬಿಟ್ಟುಹೋಗಿದೆ, ಇಲ್ಲವೇ ಬೋನಸ್ ಅಥವಾ ಸ್ಪ್ಲಿಟ್ ಆಗಿದೆ.

"ವರ್ಷದ ಕೊನೆಗೆ ಬ್ರೋಕರೇ ಟ್ಯಾಕ್ಸ್ ರಿಪೋರ್ಟ್ ಕೊಡ್ತಾರಲ್ಲ, ಇಷ್ಟೆಲ್ಲಾ ಯಾಕೆ" ಅಂತ ಕೇಳೋರಿದ್ದಾರೆ. ಕೊಡ್ತಾರೆ, ಫಿಫೋ ಹಾಕಿಯೇ ಕೊಡ್ತಾರೆ. ಆದರೆ ಬೇರೆ ಖಾತೆಯಿಂದ ಬಂದ ಶೇರಿನ ಕೊಂಡ ಬೆಲೆ ಅವರಿಗೆ ಗೊತ್ತಿರದೇ ಇರಬಹುದು. ಅದಕ್ಕಿಂತ ಮುಖ್ಯವಾಗಿ, ಆ ರಿಪೋರ್ಟ್ ಏಪ್ರಿಲ್‌ನಲ್ಲಿ ಕೈಗೆ ಬರೋ ಹೊತ್ತಿಗೆ ಅಪ್ಪನ 40 ಶೇರು ನವೆಂಬರ್‌ನಲ್ಲೇ ಹೋಗಿರುತ್ತೆ. ನಮ್ಮ ಫೈಲ್ ಇದ್ದರೆ, `sell` ಕರೆಯೋ ಮೊದಲೇ ಕ್ಯೂನ ಮುಂದೆ ಯಾವ ಶೇರು ನಿಂತಿದೆ, ಎಷ್ಟಕ್ಕೆ ಬಂದದ್ದು, ಎಷ್ಟು ದಿನ ಆಯ್ತು ಅಂತ ಬಾಟ್ ನೋಡಬಹುದು. ಸ್ಟಾಪ್‌ಲಾಸ್ ಇಲ್ಲದ ಬಾಟನ್ನ ನಾವ್ಯಾರೂ ಓಡಿಸಲ್ಲ. ಇದನ್ನ ನೋಡದ ಬಾಟನ್ನೂ ಓಡಿಸಬಾರದು.